ಕಕ್ಕಡದ ಮಳೆಯಲ್ಲಿ ಇಳಿದ ನಿರುದ್ಯೋಗ ದರ

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಜೂನ್ ಮೊದಲ ವಾರ ಒಂದು ಸಲ, ಆಗಸ್ಟ್ ಮೊದಲ ವಾರ ಇನ್ನೊಂದು ಸಲ, ತೋಟದ ಕೂಲಿಯವರಿರುವ ಲೈನ್ ಮನೆಗಳನ್ನೂ ಸೇರಿಸಿ ಮನೆಮನೆಗೆ ಹೋಗಿ ಯಾರು ಕೆಲಸದಲ್ಲಿದ್ದಾರೆ, ಯಾರು ಕೆಲಸ ಹುಡುಕುತ್ತಿದ್ದಾರೆ ಎಂದು ಬರೆದುಕೊಂಡೆವು. ಆಗಸ್ಟ್‌ನಲ್ಲಿ ಕೆಲಸದಲ್ಲಿದ್ದವರ ಸಂಖ್ಯೆ ಕಡಿಮೆಯಾಗಿತ್ತು. ಆದರೆ ನಿರುದ್ಯೋಗ ದರವೂ ಇಳಿದಿತ್ತು. ಇದು ಹೇಗೆ ಸಾಧ್ಯ? ನಮ್ಮ ಲೆಕ್ಕ ಎಲ್ಲಿ ತಪ್ಪಿತು?

ಉತ್ತರ: ನಿಮ್ಮ ಕೂಡು-ಕಳೆ ತಪ್ಪಿರಬೇಕೆಂದೇನೂ ಇಲ್ಲ. ನಿರುದ್ಯೋಗ ದರವನ್ನು ಊರಿನ ಎಲ್ಲ ಜನರ ಮೇಲಾಗಲಿ, ಎಲ್ಲ ವಯಸ್ಕರ ಮೇಲಾಗಲಿ ಲೆಕ್ಕ ಹಾಕುವುದಿಲ್ಲ. ಕೆಲಸದಲ್ಲಿರುವವರು ಮತ್ತು ಕೆಲಸಕ್ಕಾಗಿ ಪ್ರಯತ್ನಿಸುತ್ತಿರುವವರು, ಈ ಇಬ್ಬರನ್ನು ಮಾತ್ರ ಕೂಡಿಸಿದ ಮೊತ್ತವೇ ಅದರ ಛೇದ, ಮತ್ತು ಅದಕ್ಕೆ ಶ್ರಮಬಲ ಎಂದು ಹೆಸರು. ಒಬ್ಬ ವ್ಯಕ್ತಿ ಕೆಲಸ ಸಿಗದೆ ಬೇಸತ್ತು ಹುಡುಕುವುದನ್ನೇ ಬಿಟ್ಟರೆ ಆತ ನಿರುದ್ಯೋಗಿಗಳ ಪಟ್ಟಿಯಿಂದಲೂ ಶ್ರಮಬಲದಿಂದಲೂ ಒಂದೇ ಸಲಕ್ಕೆ ಹೊರಬೀಳುತ್ತಾನೆ. ಆತನಿಗೆ ಕೆಲಸ ಸಿಕ್ಕಿರುವುದಿಲ್ಲ, ಆದರೂ ದರ ಇಳಿಯುತ್ತದೆ. ನಿಮ್ಮ ಊರಿನಲ್ಲಿ ಜೂನ್ ಮತ್ತು ಆಗಸ್ಟ್ ನಡುವೆ ನಡೆದಿರುವುದು ಬಹುಶಃ ಇದೇ. ಅದು ಹೌದೋ ಅಲ್ಲವೋ ಎಂದು ತಿಳಿಯಲು ನಿಮ್ಮ ಪುಸ್ತಕದಲ್ಲೇ ಸಾಕಷ್ಟು ಮಾಹಿತಿ ಇದೆ.

ನೀವು ಅಂಕಿಗಳನ್ನು ಕಳಿಸಿಲ್ಲವಾದ್ದರಿಂದ ನಿಮ್ಮ ಊರಿನಂಥದೇ ಒಂದು ಊರನ್ನು ಕಲ್ಪಿಸಿಕೊಂಡು ಲೆಕ್ಕ ಮಾಡಿ ತೋರಿಸುತ್ತೇನೆ. ಲೆಕ್ಕ ಸುಲಭವಾಗಲೆಂದು ಇಲ್ಲಿನ ಸಂಖ್ಯೆಗಳನ್ನು ನಾನೇ ಇಟ್ಟುಕೊಂಡಿದ್ದೇನೆ. ಊರಿನಲ್ಲಿ ಒಟ್ಟು 1,600 ಜನ. ಅವರಲ್ಲಿ 400 ಮಂದಿ 15 ವರ್ಷದೊಳಗಿನ ಮಕ್ಕಳು, ಉಳಿದ 1,200 ಮಂದಿ 15 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರು. ಜೂನ್‌ನಲ್ಲಿ ಈ 1,200 ಮಂದಿಯಲ್ಲಿ 660 ಜನ ಕೆಲಸದಲ್ಲಿದ್ದರು, 60 ಜನ ಕೆಲಸವಿಲ್ಲದೆ ಹುಡುಕುತ್ತಿದ್ದರು, ಮಿಕ್ಕ 480 ಜನ ಓದುತ್ತಿದ್ದವರು, ಮನೆಗೆಲಸದಲ್ಲಿದ್ದವರು, ವಯಸ್ಸಾದವರು, ಕಾಯಿಲೆಯವರು. ಶ್ರಮಬಲ ಎಂದರೆ 660 ಮತ್ತು 60 ಸೇರಿ 720. ಇದನ್ನು 1,200ರಿಂದ ಭಾಗಿಸಿದರೆ ಬರುವ ಶೇಕಡಾ 60 ಶ್ರಮಬಲ ಭಾಗವಹಿಸುವಿಕೆಯ ದರ. 60ನ್ನು 720ರಿಂದ ಭಾಗಿಸಿದರೆ ಬರುವ ಶೇಕಡಾ 8.3 ನಿರುದ್ಯೋಗ ದರ. ಕೆಲಸದಲ್ಲಿರುವ 660 ಜನರನ್ನು ನೇರವಾಗಿ 1,200ರಿಂದ ಭಾಗಿಸಿದರೆ ಶೇಕಡಾ 55 ಬರುತ್ತದೆ. ಇದನ್ನು ಕೆಲಸಗಾರರ ಅನುಪಾತ ಎನ್ನುತ್ತಾರೆ. ಈ ಮೂರನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ತೆರೆದುಕೊಳ್ಳುವುದು ಅಲ್ಲಿಂದಲೇ.

ಈಗ ಆಗಸ್ಟ್‌ಗೆ ಬರೋಣ. ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಮುಗಿದಿದೆ, ಕಾಫಿ ಕೊಯ್ಲಿಗೆ ಇನ್ನೂ ತಿಂಗಳುಗಳಿವೆ, ಕೊಡಗಿನವರು ಕಕ್ಕಡ ಎನ್ನುವ ಮಳೆಗಾಲದ ತಿಂಗಳಿನ ಮಳೆ ಹಿಡಿದಿದೆ, ಗದ್ದೆ ನಾಟಿಯ ಕೆಲಸ ಕೆಲವರಿಗೆ ಕೆಲವು ದಿನ ಮಾತ್ರ ಸಿಕ್ಕಿದೆ. ಜೂನ್‌ನಲ್ಲಿ ಕೆಲಸದಲ್ಲಿದ್ದವರ ಪೈಕಿ 18 ಜನರಿಗೆ ಕೆಲಸ ತಪ್ಪಿತು ಎಂದಿಟ್ಟುಕೊಳ್ಳಿ. ಕೆಲಸದಲ್ಲಿರುವವರು 642ಕ್ಕೆ ಇಳಿದರು. ಜೂನ್‌ನಲ್ಲೇ ಹುಡುಕುತ್ತಿದ್ದ 60 ಜನರ ಜೊತೆ ಈ 18 ಜನ ಸೇರಿ ಕೆಲಸವಿಲ್ಲದವರು 78 ಮಂದಿಯಾದರು. ಇವರಲ್ಲಿ 45 ಮಂದಿ ಆಗಸ್ಟ್ ಹೊತ್ತಿಗೆ ಕೆಲಸ ಕೇಳುವುದನ್ನೇ ನಿಲ್ಲಿಸಿದ್ದರು, 33 ಮಂದಿ ಮಾತ್ರ ಇನ್ನೂ ಕೇಳುತ್ತಿದ್ದರು. ಆಗ ಶ್ರಮಬಲ 642 ಮತ್ತು 33 ಸೇರಿ 675. ಭಾಗವಹಿಸುವಿಕೆಯ ದರ ಶೇಕಡಾ 60ರಿಂದ 56.3ಕ್ಕೆ ಇಳಿಯಿತು. ನಿರುದ್ಯೋಗ ದರ, ಅಂದರೆ 675ರಲ್ಲಿ 33, ಶೇಕಡಾ 8.3ರಿಂದ 4.9ಕ್ಕೆ ಇಳಿಯಿತು. ಪಂಚಾಯಿತಿಯ ಸಭೆಯಲ್ಲಿ ಈ ಕೊನೆಯ ಅಂಕಿಯೊಂದನ್ನೇ ಓದಿದರೆ ಮಳೆಗಾಲದಲ್ಲಿ ಊರಿನ ಪರಿಸ್ಥಿತಿ ಸುಧಾರಿಸಿತೆಂದು ಕೇಳಿದವರು ತಿಳಿಯುತ್ತಾರೆ. ಕೆಲಸಗಾರರ ಅನುಪಾತ ಹೇಳುವುದು ಬೇರೆ: ಅದು 55ರಿಂದ 53.5ಕ್ಕೆ ಇಳಿದಿದೆ.

ಹುಡುಕುವುದನ್ನು ಬಿಟ್ಟವರಿಂದ ಭಾಗವಹಿಸುವಿಕೆಯ ದರ ಸ್ವಲ್ಪವೇ ಇಳಿದು ನಿರುದ್ಯೋಗ ದರ ಹೆಚ್ಚುಕಡಿಮೆ ಅರ್ಧಕ್ಕೆ ಬಂದದ್ದೇಕೆ ಎಂಬುದನ್ನು ಗಮನಿಸಬೇಕು. ಹುಡುಕುತ್ತಿದ್ದ ಒಬ್ಬರು ಹೊರಬಿದ್ದಾಗ ಅಂಶದ 60 ಎಂಬುದು 59 ಆಗುತ್ತದೆ, ಛೇದದ 720 ಎಂಬುದು 719 ಆಗುತ್ತದೆ. ಮೇಲಿನದು ಅರುವತ್ತರಲ್ಲಿ ಒಂದು ಪಾಲು ಕುಗ್ಗಿದರೆ ಕೆಳಗಿನದು ಏಳುನೂರ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಕುಗ್ಗುತ್ತದೆ. ಆದ್ದರಿಂದ ನಿರುದ್ಯೋಗಿಗಳ ಸಂಖ್ಯೆ ಚಿಕ್ಕದಿದ್ದಷ್ಟೂ, ಹುಡುಕುವುದನ್ನು ಬಿಟ್ಟ ಒಬ್ಬೊಬ್ಬರೂ ದರವನ್ನು ಹೆಚ್ಚು ಜೋರಾಗಿ ಕೆಳಕ್ಕೆ ಎಳೆಯುತ್ತಾರೆ. ಒಂದು ಊರಿನಷ್ಟು ಚಿಕ್ಕ ಎಣಿಕೆಯಲ್ಲಿ ಇದು ಎದ್ದು ಕಾಣುವುದು ಸಹಜ.

ಇದೇ ಎಣಿಕೆಯನ್ನು ಹೆಂಗಸರು ಮತ್ತು ಗಂಡಸರೆಂದು ಬೇರ್ಪಡಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ನೀವು ಕೂಡ ಹೀಗೆ ಬೇರ್ಪಡಿಸಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಕಲ್ಪನೆಯ ಊರಿನಲ್ಲಿ ವಯಸ್ಕ ಹೆಂಗಸರು 600, ಗಂಡಸರು 600. ಜೂನ್‌ನಲ್ಲಿ 270 ಹೆಂಗಸರು ಕೆಲಸದಲ್ಲಿದ್ದು 30 ಮಂದಿ ಹುಡುಕುತ್ತಿದ್ದರು, ಆದ್ದರಿಂದ ಅವರ ನಿರುದ್ಯೋಗ ದರ ಶೇಕಡಾ 10. ಗಂಡಸರಲ್ಲಿ 390 ಮಂದಿ ಕೆಲಸದಲ್ಲಿದ್ದು 30 ಮಂದಿ ಹುಡುಕುತ್ತಿದ್ದರು, ದರ ಶೇಕಡಾ 7.1. ಆಗಸ್ಟ್‌ನಲ್ಲಿ ಕೆಲಸ ತಪ್ಪಿದ 18 ಜನರಲ್ಲಿ 12 ಮಂದಿ ಹೆಂಗಸರು, 6 ಮಂದಿ ಗಂಡಸರು. ಹುಡುಕುವುದನ್ನು ಬಿಟ್ಟ 45 ಜನರಲ್ಲಿ 32 ಮಂದಿ ಹೆಂಗಸರು, 13 ಮಂದಿ ಗಂಡಸರು. ಹಾಗಾಗಿ ಆಗಸ್ಟ್‌ನಲ್ಲಿ 258 ಹೆಂಗಸರು ಕೆಲಸದಲ್ಲಿದ್ದರೆ ಹುಡುಕುತ್ತಿದ್ದವರು 10 ಮಂದಿ ಮಾತ್ರ. ಅವರ ನಿರುದ್ಯೋಗ ದರ ಶೇಕಡಾ 3.7ಕ್ಕೆ ಬಂದು ನಿಂತಿತು. ಗಂಡಸರದು 5.7. ಕೆಲಸ ಕಳೆದುಕೊಂಡವರಲ್ಲಿ ಹೆಂಗಸರೇ ಎರಡರಷ್ಟು, ಆದರೆ ದರ ಹೆಚ್ಚು ಇಳಿದದ್ದು ಅವರದೇ. ಜೂನ್‌ನಲ್ಲಿ ಗಂಡಸರಿಗಿಂತ ಹೆಚ್ಚಿದ್ದ ಅವರ ನಿರುದ್ಯೋಗ ದರ ಆಗಸ್ಟ್‌ನಲ್ಲಿ ಗಂಡಸರಿಗಿಂತ ಕಡಿಮೆಯಾಯಿತು. ಯಾವುದೇ ವರದಿಯಲ್ಲಿ ಹೆಂಗಸರ ನಿರುದ್ಯೋಗ ಕಡಿಮೆಯಿದೆ ಎಂದು ಓದಿದಾಗ ಅದೇ ಸಾಲಿನಲ್ಲಿರುವ ಅವರ ಭಾಗವಹಿಸುವಿಕೆಯ ದರವನ್ನೂ ನೋಡದೆ ನಾನು ಮುಂದೆ ಹೋಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಅದು ಶೇಕಡಾ 50ರಿಂದ 44.7ಕ್ಕೆ ಕುಸಿದಿದೆ.

ಮೂರು ಅಂಕಿಗಳಿಗೂ ಒಂದು ನೇರ ಸಂಬಂಧವಿದೆ. ಕೆಲಸಗಾರರ ಅನುಪಾತವನ್ನು ಭಾಗವಹಿಸುವಿಕೆಯ ದರದಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆದರೆ ನಿರುದ್ಯೋಗ ದರ ಬರುತ್ತದೆ. ಆಗಸ್ಟ್‌ನ 53.5ನ್ನು 56.25ರಿಂದ ಭಾಗಿಸಿದರೆ 0.951, ಒಂದರಿಂದ ಕಳೆದರೆ 0.049, ಅಂದರೆ ಶೇಕಡಾ 4.9. ಇದರಿಂದ ಎರಡು ಉಪಯೋಗಗಳಿವೆ. ನಿಮ್ಮ ಮೂರು ಅಂಕಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಯಾರನ್ನೋ ಎರಡು ಸಲ ಎಣಿಸಿದ್ದೀರಿ ಅಥವಾ ಬಿಟ್ಟಿದ್ದೀರಿ ಎಂದು ತಿಳಿಯುತ್ತದೆ. ತಾಳೆಯಾದರೆ, ನಿರುದ್ಯೋಗ ದರ ಇಳಿದದ್ದು ಕೆಲಸ ಹೆಚ್ಚಿದ್ದರಿಂದಲೋ ಶ್ರಮಬಲ ಕುಗ್ಗಿದ್ದರಿಂದಲೋ ಎಂದು ತಿಳಿಯುತ್ತದೆ. ಇಡೀ ದೇಶದ ಅಂಕಿಗಳ ಮೇಲೆ ಇದನ್ನು ಪ್ರಯೋಗಿಸಿ ನೋಡಬಹುದು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಆವರ್ತಕ ಶ್ರಮಬಲ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟವರಲ್ಲಿ, ಕಳೆದ ಒಂದು ವರ್ಷವನ್ನು ನೋಡುವ ವಾಡಿಕೆಯ ಸ್ಥಿತಿಯ ಲೆಕ್ಕದಲ್ಲಿ, 2017-18ರಲ್ಲಿ ಭಾಗವಹಿಸುವಿಕೆ ಶೇಕಡಾ 49.8, ಕೆಲಸಗಾರರ ಅನುಪಾತ 46.8, ನಿರುದ್ಯೋಗ ದರ 6.0 ಇತ್ತು. 2023-24ರಲ್ಲಿ ಅವು ಕ್ರಮವಾಗಿ 60.1, 58.2 ಮತ್ತು 3.2 ಆದವು. ಅಲ್ಲಿಯೂ ನಿರುದ್ಯೋಗ ದರ ಇಳಿದಿದೆ, ಆದರೆ ಕೆಲಸಗಾರರ ಅನುಪಾತ ಏರಿದೆ, ಭಾಗವಹಿಸುವಿಕೆಯೂ ಏರಿದೆ. ಆದ್ದರಿಂದ ಆ ಇಳಿಕೆಯನ್ನು ಜನ ನಿರಾಶರಾಗಿ ಹೊರನಡೆದದ್ದರ ಫಲ ಎನ್ನಲಾಗುವುದಿಲ್ಲ. ಹೆಚ್ಚಿದ ಆ ಕೆಲಸ ಎಂಥದು, ಅದರಲ್ಲಿ ಮನೆಯ ಜಮೀನಿನಲ್ಲಿ ಕೂಲಿಯಿಲ್ಲದೆ ದುಡಿಯುವ ಹೆಂಗಸರ ಪಾಲು ಎಷ್ಟು ಎಂಬುದು ಬೇರೆಯದೇ ಆದ ಮತ್ತು ಕೇಳಲೇಬೇಕಾದ ಪ್ರಶ್ನೆ. ಆದರೆ ನಿಮ್ಮ ಊರಿನ ಇಳಿಕೆ ಆ ಜಾತಿಯದಲ್ಲ. ಅಲ್ಲಿ ಮೂರೂ ಅಂಕಿಗಳು ಕೆಳಗಿಳಿದಿವೆ.

ಇನ್ನು ಹೆಚ್ಚು ಸೂಕ್ಷ್ಮವಾದ ವಿಷಯ ನಿಮ್ಮ ಪ್ರಶ್ನಾವಳಿಯದು. ಯಾರು ಹುಡುಕುತ್ತಿದ್ದಾರೆ ಎಂದು ಬರೆದುಕೊಂಡೆವೆಂದು ನೀವು ಹೇಳಿದ್ದೀರಿ. ಆ ಒಂದೇ ಪ್ರಶ್ನೆಯಿಂದ ನಿರುದ್ಯೋಗಿಗಳನ್ನು ಗುರುತಿಸಿದ್ದರೆ ನೀವು ಬಳಸಿದ್ದು ನಮ್ಮ ದೇಶದ ಸಮೀಕ್ಷೆಯ ವ್ಯಾಖ್ಯೆಯಲ್ಲ, ಅದಕ್ಕಿಂತ ಬಿಗಿಯಾದದ್ದು. ನಮ್ಮ ಸಮೀಕ್ಷೆಯಲ್ಲಿ ವಾರದ ಲೆಕ್ಕಕ್ಕೆ, ಕಳೆದ 7 ದಿನಗಳಲ್ಲಿ ಒಂದು ಗಂಟೆಯೂ ಕೆಲಸ ಮಾಡದೆ ಕೆಲಸ ಹುಡುಕಿದವರು ಮಾತ್ರವಲ್ಲ, ಹುಡುಕದಿದ್ದರೂ ಕೆಲಸ ಸಿಕ್ಕರೆ ಮಾಡಲು ಸಿದ್ಧರಿದ್ದವರು ಕೂಡ ನಿರುದ್ಯೋಗಿಗಳೇ. ಮೊದಲನೆಯವರಿಗೆ 81 ಎಂಬ ಸಂಕೇತ, ಎರಡನೆಯವರಿಗೆ 82. ಅಮೆರಿಕದ ಕಾರ್ಮಿಕ ಅಂಕಿಅಂಶ ಸಂಸ್ಥೆ ಹಾಗೆ ಮಾಡುವುದಿಲ್ಲ. ಅಲ್ಲಿ ತಾತ್ಕಾಲಿಕವಾಗಿ ಕೆಲಸದಿಂದ ನಿಲ್ಲಿಸಲ್ಪಟ್ಟು ಮರಳಿ ಕರೆಯುವುದನ್ನು ಕಾಯುತ್ತಿರುವವರನ್ನು ಬಿಟ್ಟರೆ, ಕಳೆದ 4 ವಾರಗಳಲ್ಲಿ ತಾನಾಗಿ ಪ್ರಯತ್ನಪಟ್ಟು ಹುಡುಕಿದವರನ್ನು ಮಾತ್ರ ನಿರುದ್ಯೋಗಿ ಎನ್ನುತ್ತಾರೆ. ಕಳೆದ 12 ತಿಂಗಳುಗಳಲ್ಲಿ ಯಾವಾಗಲೋ ಹುಡುಕಿ, ಈಗಲೂ ಕೆಲಸ ಬೇಕೆಂದಿದ್ದು, ಸಿಕ್ಕರೆ ಸೇರಬಲ್ಲವರಾಗಿದ್ದು, ತಮಗೆ ಕೆಲಸ ಸಿಗುವುದಿಲ್ಲವೆಂದೇ ಕಳೆದ 4 ವಾರ ಹುಡುಕದೆ ಇದ್ದವರನ್ನು ನಿರಾಶೆಗೊಂಡ ಕೆಲಸಗಾರರೆಂದು ಪ್ರತ್ಯೇಕವಾಗಿ ಎಣಿಸಿ ಶ್ರಮಬಲದ ಹೊರಗಿಡುತ್ತಾರೆ. ಅಧಿಕೃತ ದರವನ್ನು ಅವರು U-3 ಎನ್ನುತ್ತಾರೆ. ನಿರಾಶೆಗೊಂಡವರನ್ನು ಅಂಶಕ್ಕೂ ಛೇದಕ್ಕೂ ಸೇರಿಸಿ ಲೆಕ್ಕ ಹಾಕಿದ್ದನ್ನು U-4 ಎಂದು ಪಕ್ಕದಲ್ಲೇ ಪ್ರಕಟಿಸುತ್ತಾರೆ. ಎರಡೂ ಕಡೆ ಸೇರಿಸಬೇಕೆಂಬುದನ್ನು ಮರೆಯಬೇಡಿ. ಅಂಶಕ್ಕೆ ಮಾತ್ರ ಸೇರಿಸಿ ಛೇದವನ್ನು ಹಾಗೇ ಬಿಡುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಹಾಗಿದ್ದರೆ ಭಾರತದ ವ್ಯಾಖ್ಯೆಯಲ್ಲಿ ನಿರಾಶೆಗೊಂಡವರು ತಪ್ಪಿಸಿಕೊಳ್ಳುವುದೇ ಇಲ್ಲವೇ? ಕಾಗದದ ಮೇಲೆ ಹೆಚ್ಚು ತಪ್ಪಿಸಿಕೊಳ್ಳಬಾರದು. ಆದರೆ ಬಾಗಿಲ ಮುಂದೆ ನಿಂತು ಕೇಳುವಾಗ ತಪ್ಪಿಸಿಕೊಳ್ಳುತ್ತಾರೆ. ಮನೆಮನೆ ಸಮೀಕ್ಷೆಯ ಕೆಲಸದಲ್ಲಿದ್ದಾಗ ನಾನು ಒಂದು ತೋಟದ ಲೈನ್ ಮನೆಯ ಜಗಲಿಯಲ್ಲಿ ಕುಳಿತು ಆ ಮನೆಯ ಯಜಮಾನನನ್ನು ಆತನ ಹೆಂಡತಿಯ ಬಗ್ಗೆ ಕೇಳಿದೆ. "ಅವಳು ಮನೇಲೇ ಇರ್ತಾಳೆ ಸಾರ್, ಮನೆ ಕೆಲಸ ಅಷ್ಟೇ" ಎಂದರು. ನಾನು 92 ಎಂದು ಬರೆಯಲು ಹೊರಟಿದ್ದೆ. ಅದು ಬರೀ ಮನೆಗೆಲಸದಲ್ಲಿರುವವರ ಸಂಕೇತ, ಅಂದರೆ ಶ್ರಮಬಲದ ಹೊರಗೆ. ಅಷ್ಟರಲ್ಲಿ ಒಳಗಿಂದ ಆಕೆ, "ರೈಟರ್ ಬಾ ಅಂದ್ರೆ ನಾಳೆನೇ ಹೋಗ್ತೀನಿ. ಎರಡು ತಿಂಗಳಿಂದ ಕೇಳಿ ಕೇಳಿ ಸಾಕಾಯ್ತು, ಈ ಮಳೇಲಿ ಕೆಲ್ಸ ಎಲ್ಲಿದೆ?" ಎಂದರು. ರೈಟರ್ ಎಂದರೆ ತೋಟದ ಆಳುಗಳ ಲೆಕ್ಕ ಬರೆಯುವ ಗುಮಾಸ್ತ. ಆಕೆಯ ಆ ಒಂದು ಮಾತಿನಿಂದ 92 ಎಂಬುದು 82 ಆಯಿತು. ಆಕೆ ಒಳಗಿನಿಂದ ಮಾತಾಡದೆ ಇದ್ದಿದ್ದರೆ ಆಕೆಗೆ ಕೆಲಸ ಬೇಕಾಗಿದೆ ಎಂಬುದು ಯಾವ ಕೋಷ್ಟಕದಲ್ಲೂ ಇರುತ್ತಿರಲಿಲ್ಲ. ಅಂದಿನಿಂದ ನಾನು ಮನೆಯ ಒಬ್ಬರ ಬಾಯಿಂದ ಇನ್ನೊಬ್ಬರ ಸ್ಥಿತಿಯನ್ನು ಬರೆದುಕೊಂಡ ಎಣಿಕೆಗಳನ್ನು ಬಹಳ ಎಚ್ಚರಿಕೆಯಿಂದ ಓದುತ್ತೇನೆ. ನಿಮ್ಮ ಪುಸ್ತಕದಲ್ಲಿ ಎಷ್ಟು ಹೆಂಗಸರ ಉತ್ತರವನ್ನು ಅವರೇ ಕೊಟ್ಟಿದ್ದಾರೆ, ಎಷ್ಟು ಜನರದ್ದನ್ನು ಬೇರೆಯವರು ಕೊಟ್ಟಿದ್ದಾರೆ ಎಂದು ಗುರುತು ಹಾಕಿದ್ದೀರಾ ನೋಡಿ. ಹಾಕಿಲ್ಲವಾದರೆ ಮುಂದಿನ ಸಲ ಹಾಕಿ.

ಹುಡುಕುವುದು ಎಂಬ ಮಾತೂ ನಮ್ಮ ಕಡೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಕೆಲಸ ಹುಡುಕಿದಿರಾ ಎಂದು ಕೇಳಿದರೆ ಮಡಿಕೇರಿಗೋ ಕುಶಾಲನಗರಕ್ಕೋ ಹೋಗಿ ಅರ್ಜಿ ಹಾಕಿದಿರಾ ಎಂದೇ ಜನ ತಿಳಿಯುತ್ತಾರೆ, ಇಲ್ಲ ಎನ್ನುತ್ತಾರೆ. ತೋಟದ ಕೆಲಸವನ್ನು ಯಾರೂ ಅರ್ಜಿ ಹಾಕಿ ಪಡೆಯುವುದಿಲ್ಲ. ರೈಟರನ್ನು ಕೇಳುವುದು, ಮೇಸ್ತ್ರಿಗೆ ಹೇಳಿಡುವುದು, ಕೂಲಿಯಾಳುಗಳನ್ನು ಕರೆದೊಯ್ಯುವ ಜೀಪು ನಿಲ್ಲುವ ಕಡೆ ಬೆಳಿಗ್ಗೆ ಬುತ್ತಿ ಹಿಡಿದು ಹೋಗಿ ನಿಲ್ಲುವುದು, ಪಕ್ಕದ ಲೈನಿನವರ ಹತ್ತಿರ ಆಳು ಬೇಕಂತೇನೋ ಎಂದು ವಿಚಾರಿಸುವುದು, ಇವೆಲ್ಲವೂ ಕೆಲಸ ಹುಡುಕುವುದೇ. ಸ್ನೇಹಿತರ, ನೆಂಟರ ಮೂಲಕ ವಿಚಾರಿಸುವುದನ್ನು ಸಮೀಕ್ಷೆಯ ವ್ಯಾಖ್ಯೆಯೇ ಒಪ್ಪುತ್ತದೆ. ಆದ್ದರಿಂದ ಪ್ರಶ್ನೆಯನ್ನು ಆ ಮಾತುಗಳಲ್ಲೇ ಕೇಳಬೇಕು. ಜೂನ್‌ನಲ್ಲಿ ಒಬ್ಬರು ಹಾಗೆ ವಿವರಿಸಿ ಕೇಳಿ, ಆಗಸ್ಟ್‌ನಲ್ಲಿ ಇನ್ನೊಬ್ಬರು ಬರೀ ಹುಡುಕಿದಿರಾ ಎಂದು ಕೇಳಿದ್ದರೆ, ಊರಿನಲ್ಲಿ ಏನೂ ಬದಲಾಗದೆ ನಿಮ್ಮ ದರ ಇಳಿದಿರಲೂಬಹುದು. ಎರಡು ಎಣಿಕೆಗಳಲ್ಲಿ ಮನೆಗಳಿಗೆ ಹೋದವರು ಬೇರೆಬೇರೆಯವರೇ ಎಂಬುದನ್ನು ಮೊದಲು ಪರಿಶೀಲಿಸಿ.

ಈಗ ಆ 45 ಜನರ ಕಡೆ ಮರಳೋಣ. ಅವರೆಲ್ಲರನ್ನೂ ನಿರಾಶೆಗೊಂಡವರೆಂದು ಕರೆದು ಲೆಕ್ಕಕ್ಕೆ ಸೇರಿಸಿದರೆ, 78ನ್ನು 720ರಿಂದ ಭಾಗಿಸಿ ಶೇಕಡಾ 10.8 ಎಂಬ ದರ ಬರುತ್ತದೆ. ಇದು ಮೇಲಿನ ಮಿತಿ. ವಾಸ್ತವ ಇದಕ್ಕಿಂತ ಕೆಳಗಿರುತ್ತದೆ, ಏಕೆಂದರೆ ಹುಡುಕುವುದನ್ನು ಬಿಟ್ಟವರೆಲ್ಲ ನಿರಾಶೆಯಿಂದಲೇ ಬಿಟ್ಟಿರುವುದಿಲ್ಲ. ಅವರ ಮನೆಗಳಿಗೆ ಮತ್ತೊಮ್ಮೆ ಹೋಗಿ, ಅವರನ್ನೇ ಕಂಡು, ಮೊದಲು ಈ ವಾರ ಕೆಲಸಕ್ಕೆ ಕರೆದರೆ ಬರುತ್ತೀರಾ ಎಂದು ಕೇಳಿ. ಆಮೇಲೆ ಕಳೆದ ಒಂದು ವರ್ಷದಲ್ಲಿ ಯಾವಾಗಲಾದರೂ ಕೆಲಸ ಕೇಳಿದ್ದಿರಾ ಎಂದು ಕೇಳಿ. ಕೊನೆಗೆ, ಈಗ ಕೇಳುತ್ತಿಲ್ಲವೇಕೆ ಎಂದು ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನಮ್ಮ ಉದಾಹರಣೆಯಲ್ಲಿ 29 ಮಂದಿ, ಕರೆದರೆ ಬರುತ್ತೇವೆ, ಆದರೆ ಕೆಲಸವೇ ಇಲ್ಲವೆಂದು ಗೊತ್ತಿರುವುದರಿಂದ ಕೇಳುತ್ತಿಲ್ಲ ಎಂದರು. 9 ಮಂದಿ ಕೆಲಸ ಬೇಕು, ಆದರೆ ಮನೆಯಲ್ಲಿ ಎಳೆ ಮಗುವಿದೆ ಅಥವಾ ಅತ್ತೆಗೆ ಹುಷಾರಿಲ್ಲ, ಈಗ ಬರಲಾಗದು ಎಂದರು. 7 ಮಂದಿ ಮಕ್ಕಳ ದುಡಿಮೆ ಸಾಕಾಗುತ್ತಿದೆ, ವಯಸ್ಸಾಯಿತು, ಇನ್ನು ಬೇಡ ಎಂದರು. ನಿರಾಶೆಗೊಂಡವರು ಈ 29 ಮಂದಿ ಮಾತ್ರ. ಅವರನ್ನು ಎರಡೂ ಕಡೆ ಸೇರಿಸಿದರೆ 62ನ್ನು 704ರಿಂದ ಭಾಗಿಸಬೇಕು, ದರ ಶೇಕಡಾ 8.8. ನಮ್ಮ ಸಮೀಕ್ಷೆಯ ವಾರದ ಲೆಕ್ಕದಲ್ಲಿ ಈ 29 ಮಂದಿ 82ನೇ ಸಂಕೇತದಡಿ ಬರುವುದರಿಂದ, ಪ್ರತಿಯೊಬ್ಬರನ್ನೂ ನೇರವಾಗಿ ಕೇಳಿದ್ದರೆ ಆಗಸ್ಟ್‌ನ ದರ 4.9ರ ಬದಲು 8.8 ಎಂದೇ ದಾಖಲಾಗುತ್ತಿತ್ತು.

ಇಲ್ಲೊಂದು ಎಡವುವ ಜಾಗವಿದೆ. ಈ 8.8ನ್ನು ಜೂನ್‌ನ 8.3ರ ಪಕ್ಕದಲ್ಲಿಟ್ಟು ಹೋಲಿಸಬಾರದು. ಜೂನ್‌ನಲ್ಲಿ ಶ್ರಮಬಲದ ಹೊರಗಿದ್ದ 480 ಜನರಲ್ಲೂ ಕೆಲಸ ಬೇಕಾಗಿದ್ದು ಕೇಳುವುದನ್ನು ಅದಕ್ಕೆ ಮೊದಲೇ ಬಿಟ್ಟಿದ್ದವರು ಇದ್ದಿರಬಹುದು, ಅವರು ಆಗಸ್ಟ್‌ನಲ್ಲೂ ಅಲ್ಲೇ ಇರಬಹುದು. 29 ಎಂಬುದು ಈ ಎರಡು ತಿಂಗಳಲ್ಲಿ ಹೊಸದಾಗಿ ಹೊರಬಂದವರ ಸಂಖ್ಯೆ, ಹೊರಗಿರುವ ಎಲ್ಲರ ಸಂಖ್ಯೆಯಲ್ಲ. ಹೋಲಿಕೆ ನ್ಯಾಯವಾಗಬೇಕಾದರೆ ಆ ಪ್ರಶ್ನೆಗಳನ್ನು ಎರಡೂ ಎಣಿಕೆಗಳಲ್ಲಿ, ಹೊರಗಿರುವ ಪ್ರತಿಯೊಬ್ಬರಿಗೂ ಕೇಳಿರಬೇಕು. ಜೂನ್ ಕಳೆದುಹೋಗಿರುವುದರಿಂದ ನೀವೀಗ ಮಾಡಬಹುದಾದದ್ದು ಆಗಸ್ಟ್‌ನ ಪಟ್ಟಿಯನ್ನು ಪೂರ್ತಿ ಮಾಡಿಟ್ಟುಕೊಂಡು ಮುಂದಿನ ಎಣಿಕೆಗಳನ್ನು ಅದರೊಂದಿಗೆ ಹೋಲಿಸುವುದು.

ನಿಮ್ಮ ಅಂಕಿಗಳನ್ನು ಜನಗಣತಿಯ ಅಥವಾ ಸಮೀಕ್ಷೆಯ ವಾರ್ಷಿಕ ವರದಿಯ ಅಂಕಿಗಳ ಜೊತೆಗಿಟ್ಟು ನೋಡುವ ಮನಸ್ಸು ಬರುವುದು ಸಹಜ. ಅದಕ್ಕೆ ಮೊದಲು ಎರಡು ವಿಷಯ ತಿಳಿದಿರಬೇಕು. 2011ರ ಜನಗಣತಿಯ ಕೆಲಸ ಭಾಗವಹಿಸುವಿಕೆಯ ದರದ ಛೇದ ಮಕ್ಕಳೂ ಸೇರಿದ ಒಟ್ಟು ಜನಸಂಖ್ಯೆ. ಕೊಡಗಿನ ವಿಷಯದಲ್ಲಿ ಅದು 5,54,519. ನಮ್ಮ ಊರಿನ ಜೂನ್‌ನ 660 ಜನರನ್ನು ಹಾಗೆ 1,600ರಿಂದ ಭಾಗಿಸಿದರೆ ಶೇಕಡಾ 55ರ ಬದಲು 41.3 ಬರುತ್ತದೆ. ಊರು ಅದೇ, ಕೆಲಸಗಾರರೂ ಅವರೇ, ಕೆಳಗಿನ ಸಂಖ್ಯೆ ಮಾತ್ರ ಬೇರೆ. ಎರಡನೆಯದು ಕಾಲದ ವ್ಯಾಪ್ತಿ. ಜನಗಣತಿ ಕಳೆದ ಒಂದು ವರ್ಷವನ್ನು ನೋಡಿ, 6 ತಿಂಗಳು ಅಥವಾ ಹೆಚ್ಚು ದುಡಿದವರನ್ನು ಮುಖ್ಯ ಕೆಲಸಗಾರರೆಂದೂ, ಅದಕ್ಕಿಂತ ಕಡಿಮೆ ದುಡಿದವರನ್ನು ಅಂಚಿನ ಕೆಲಸಗಾರರೆಂದೂ ಬರೆಯುತ್ತದೆ. ಸಮೀಕ್ಷೆಯ ವಾಡಿಕೆಯ ಸ್ಥಿತಿಯೂ ಕಳೆದ 365 ದಿನಗಳನ್ನು ನೋಡುತ್ತದೆ. ವರ್ಷದ ಹೆಚ್ಚಿನ ಭಾಗ ಮನೆಗೆಲಸದಲ್ಲಿದ್ದರೂ ಕಾಫಿ ಕೊಯ್ಲಿನಲ್ಲಿ 30 ದಿನ ಅಥವಾ ಹೆಚ್ಚು ದುಡಿದಿದ್ದರೆ, ಮುಖ್ಯ ಮತ್ತು ಪೂರಕ ಸ್ಥಿತಿಗಳನ್ನು ಸೇರಿಸಿದ ಲೆಕ್ಕದಲ್ಲಿ ಆಕೆ ಕೆಲಸಗಾರ್ತಿಯೇ. ಆಕೆ ಆಗಸ್ಟ್‌ನಲ್ಲಿ ರೈಟರನ್ನು ಕೇಳಿ ಕೇಳಿ ಸುಮ್ಮನಾದದ್ದು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಕೊಯ್ಲು, ಕಸಿ, ನಾಟಿ ಎಂದು ಕಾಲಕ್ಕೆ ತಕ್ಕಂತೆ ಕೆಲಸ ಬರುವ ಕೊಡಗಿನಂಥ ಜಿಲ್ಲೆಗೆ ವಾರದ ಲೆಕ್ಕವೇ ಹೆಚ್ಚು ಸೂಕ್ತವೆಂಬುದು ನನ್ನ ಅಭಿಪ್ರಾಯ. ನಿಮ್ಮ ಎಣಿಕೆ ವಾರದ ಲೆಕ್ಕವಾದ್ದರಿಂದ ಅದನ್ನು ವಾರದ ಲೆಕ್ಕದೊಂದಿಗೆ ಮಾತ್ರ ಹೋಲಿಸಿ.

ಲೈನ್ ಮನೆಗಳನ್ನು ಸೇರಿಸಿದ್ದೀರಿ, ಅದು ಬಹಳ ಒಳ್ಳೆಯ ಕೆಲಸ. ಆದರೆ ಅಲ್ಲಿಂದಲೇ ಇನ್ನೊಂದು ತೊಡಕು ಹುಟ್ಟುತ್ತದೆ. ಕೆಲಸ ಸಿಗದವರಲ್ಲಿ ಕೆಲವರು ಹುಡುಕುವುದನ್ನು ಬಿಡುವ ಬದಲು ಊರನ್ನೇ ಬಿಡುತ್ತಾರೆ. ಅಸ್ಸಾಮಿನಿಂದ ಬಂದವರು ತಮ್ಮ ಊರಿಗೆ ಹೋಗುತ್ತಾರೆ, ಇಲ್ಲಿಯವರು ಗಡಿ ದಾಟಿ ಕೇರಳದ ಕಡೆಗೋ ಮೈಸೂರು, ಬೆಂಗಳೂರಿಗೋ ಹೋಗುತ್ತಾರೆ. ಆಗಸ್ಟ್‌ನಲ್ಲಿ ಇನ್ನೂ ಹುಡುಕುತ್ತಿದ್ದ 33 ಜನರಲ್ಲಿ 20 ಮಂದಿ ಎಣಿಕೆಯ ಮೊದಲೇ ಊರು ಬಿಟ್ಟಿದ್ದರೆ, ವಯಸ್ಕರು 1,180, ಹುಡುಕುವವರು 13, ಶ್ರಮಬಲ 655. ನಿರುದ್ಯೋಗ ದರ ಶೇಕಡಾ 2ಕ್ಕೆ ಬರುತ್ತದೆ. ಅದಕ್ಕಿಂತ ಮೋಸಗೊಳಿಸುವ ಸಂಗತಿಯೆಂದರೆ, ಇಷ್ಟು ಹೊತ್ತು ನಾವು ನಂಬಿದ್ದ ಕೆಲಸಗಾರರ ಅನುಪಾತವೂ 53.5ರಿಂದ 54.4ಕ್ಕೆ ಏರಿದಂತೆ ಕಾಣುತ್ತದೆ, ಊರಿನಲ್ಲಿ ಒಬ್ಬರಿಗೂ ಹೊಸ ಕೆಲಸ ಸಿಗದೆಯೇ. ಊರು ಬಿಟ್ಟವರ ವಿಷಯದಲ್ಲಿ ಯಾವ ದರವೂ ನಿಮ್ಮನ್ನು ಕಾಪಾಡುವುದಿಲ್ಲ. ಜೂನ್‌ನ ಪಟ್ಟಿಯ ಒಂದೊಂದು ಹೆಸರನ್ನೂ ಆಗಸ್ಟ್‌ನ ಪಟ್ಟಿಯಲ್ಲಿ ಹುಡುಕಿ, ಕೆಲಸದಲ್ಲಿದ್ದಾರೆ, ಕೇಳುತ್ತಿದ್ದಾರೆ, ಕೇಳುವುದನ್ನು ಬಿಟ್ಟಿದ್ದಾರೆ, ಊರಿನಲ್ಲಿಲ್ಲ ಎಂದು ಎದುರಿಗೆ ಬರೆಯುವುದೊಂದೇ ದಾರಿ. 1,200 ಹೆಸರುಗಳಿಗೆ ಇಬ್ಬರು ಎರಡು ದಿನ ಕೂತರೆ ಇದು ಮುಗಿಯುತ್ತದೆ. ಸಾವಿರಾರು ಊರುಗಳ ಮಾದರಿ ಸಮೀಕ್ಷೆಗೆ ಸುಲಭವಲ್ಲದ ಈ ಕೆಲಸ ನಿಮಗೆ ಸಾಧ್ಯವಿದೆ.

ಮುಂದಿನ ಎಣಿಕೆಯನ್ನು ನವೆಂಬರ್ ಕೊನೆಯಲ್ಲಿ ಮಾಡುವುದಾದರೆ ಅದರ ಫಲಿತಾಂಶಕ್ಕೂ ಈಗಲೇ ಸಿದ್ಧರಾಗಿರಿ. ಅರೇಬಿಕಾ ಕೊಯ್ಲು ಶುರುವಾಗುವ ಸುದ್ದಿ ಹಬ್ಬುತ್ತಿದ್ದಂತೆ ಸುಮ್ಮನಿದ್ದವರು ಮತ್ತೆ ರೈಟರನ್ನು ಕೇಳತೊಡಗುತ್ತಾರೆ. ಹೊರಗಿದ್ದ 45 ಜನರಲ್ಲಿ 30 ಮಂದಿ ಹೀಗೆ ಮರಳಿ, ಅವರಲ್ಲಿ 10 ಮಂದಿಗೆ ಕೆಲಸ ಸಿಕ್ಕಿ, 20 ಮಂದಿ ಇನ್ನೂ ಕಾಯುತ್ತಿದ್ದರೆ, ಕೆಲಸದಲ್ಲಿರುವವರು 652, ಕೇಳುತ್ತಿರುವವರು 53, ಶ್ರಮಬಲ 705. ನಿರುದ್ಯೋಗ ದರ 4.9ರಿಂದ 7.5ಕ್ಕೆ ಏರುತ್ತದೆ, ಅದೂ 10 ಜನರಿಗೆ ಹೊಸದಾಗಿ ಕೆಲಸ ಸಿಕ್ಕಿರುವ ತಿಂಗಳಲ್ಲಿ. ಆಗ ಯಾರಾದರೂ ನಿರುದ್ಯೋಗ ಹೆಚ್ಚಿತೆಂದು ಸಭೆಯಲ್ಲಿ ಗಾಬರಿಯಾದರೆ ದರವನ್ನು ಬದಿಗಿಟ್ಟು ಆ 45 ಹೆಸರುಗಳ ಪಟ್ಟಿಯನ್ನು ಮುಂದಿಡಿ. ಅವರಲ್ಲಿ ಯಾರು ತೋಟಕ್ಕೆ ಹೋಗುತ್ತಿದ್ದಾರೆ, ಯಾರು ಕೇಳುತ್ತಿದ್ದಾರೆ, ಯಾವ 15 ಮಂದಿ ಇನ್ನೂ ಮನೆಯಲ್ಲೇ ಇದ್ದಾರೆ ಎಂಬುದು ಅದರಲ್ಲಿರುತ್ತದೆ.